ಏಳು ದಿನದ ಬಿಡುವು ಹತ್ತಾದಾಗ

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್ ಪೊಟ್ಟಣದಲ್ಲಿ 28 ಮಾತ್ರೆಗಳಿರುತ್ತವೆ. ಗರ್ಭ ತಡೆಯುವುದು ಅವುಗಳಲ್ಲಿ 21 ಮಾತ್ರ. ಒಂದೊಂದರಲ್ಲೂ 30 ಮೈಕ್ರೋಗ್ರಾಂ ಈಸ್ಟ್ರೋಜನ್, 150 ಮೈಕ್ರೋಗ್ರಾಂ ಪ್ರೊಜೆಸ್ಟಿನ್ ಇರುತ್ತದೆ. ಬೇರೆ ಬಣ್ಣದ ಉಳಿದ 7 ಬರೀ ಕಬ್ಬಿಣಾಂಶದವು.

ಗುಳಿಗೆ ನುಂಗದ ತಿಂಗಳಲ್ಲಿ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತದೆ. ಅದರಿಂದ ಅಂಡಾಶಯದಲ್ಲಿ ಫಾಲಿಕಲ್ ಎಂಬ ಪುಟ್ಟ ಚೀಲ ಬೆಳೆದು, ಅದರೊಳಗಿನ ಅಂಡಾಣು ಬಲಿಯುತ್ತದೆ. ಆಮೇಲೆ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನು ಒಮ್ಮೆಲೇ ಏರುತ್ತದೆ, ಚೀಲ ಒಡೆದು ಅಂಡಾಣು ಹೊರಬೀಳುತ್ತದೆ. ದಿನಾ ಗುಳಿಗೆ ತೆಗೆದುಕೊಂಡರೆ ರಕ್ತದಲ್ಲಿ ಹಾರ್ಮೋನು ಸದಾ ಇರುವುದರಿಂದ ಪಿಟ್ಯುಟರಿ ಸುಮ್ಮನಾಗುತ್ತದೆ. ಈಸ್ಟ್ರೋಜನ್ ಮುಖ್ಯವಾಗಿ ಎಫ್‌ಎಸ್‌ಎಚ್ಚನ್ನು ತಗ್ಗಿಸುತ್ತದೆ, ಪ್ರೊಜೆಸ್ಟಿನ್ ಎಲ್‌ಎಚ್ ಏರದಂತೆ ತಡೆಯುತ್ತದೆ. ಚೀಲ ಬಲಿಯುವುದೂ ಇಲ್ಲ, ಒಡೆಯುವುದೂ ಇಲ್ಲ.

ಎರಡನೇ ಕಾವಲು ಗರ್ಭಕಂಠದಲ್ಲಿದೆ. ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಅಲ್ಲಿನ ಲೋಳೆ ಹಸಿ ಮೊಟ್ಟೆಯ ಬಿಳಿಯಂತೆ ತೆಳುವಾಗಿ, ಬೆರಳುಗಳ ನಡುವೆ ಎಳೆಯಾಗಿ ಬರುತ್ತದೆ. ವೀರ್ಯಾಣು ಅದರಲ್ಲಿ ಸಲೀಸಾಗಿ ಈಜಿ ಮೇಲೇರುತ್ತದೆ. ಪ್ರೊಜೆಸ್ಟಿನ್ ಇದ್ದರೆ ಆ ಲೋಳೆ ಅಂಟಂಟಾಗಿ ದಪ್ಪಗಾಗಿ, ದಾರಿ ಮುಚ್ಚುತ್ತದೆ.

ಕಬ್ಬಿಣದ ಮಾತ್ರೆಯ ವಾರದಲ್ಲಿ ಹಾರ್ಮೋನು ಇಳಿಯುವುದರಿಂದ ಮುಟ್ಟಿನಂತೆ ರಕ್ತ ಹೋಗುತ್ತದೆ. ಪಿಟ್ಯುಟರಿಯೂ ಮೆಲ್ಲಗೆ ಎಚ್ಚರಗೊಳ್ಳುತ್ತದೆ. ಏಳು ದಿನದಲ್ಲಿ ಚೀಲ ಬಲಿಯುವಷ್ಟು ಸಮಯ ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ಹಿಂದಿನ ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡು, ಹೊಸ ಪೊಟ್ಟಣವನ್ನು ಹೊತ್ತಿಗೆ ಸರಿಯಾಗಿ ಶುರುಮಾಡಿದರೆ ಈ ವಾರವೂ ರಕ್ಷಣೆ ಇರುತ್ತದೆ. ಜನ ಸಾಮಾನ್ಯವಾಗಿ ತಿಂಗಳ ನಡುವೆ ಮರೆಯುವುದಕ್ಕೆ ಹೆದರುತ್ತಾರೆ. ಹೆಚ್ಚು ಅಪಾಯ ಇರುವುದು ಹೊಸ ಪೊಟ್ಟಣ ಶುರುಮಾಡಲು ಮರೆತಾಗ.

ಕೊನೆಯ ಕಬ್ಬಿಣದ ಮಾತ್ರೆ ಭಾನುವಾರ ಮುಗಿಯಿತು ಎನ್ನಿ. ಸೋಮವಾರ ಶುರುಮಾಡಬೇಕಿದ್ದ ಹೊಸ ಪೊಟ್ಟಣ ನೆನಪಾದದ್ದು ಗುರುವಾರ. ಏಳು ದಿನದ ಬಿಡುವು ಹತ್ತಾಯಿತು. ಅಷ್ಟರಲ್ಲಿ ಒಂದು ಚೀಲ ಬೆಳೆಯತೊಡಗಿರಬಹುದು, ಲೋಳೆಯೂ ತೆಳುವಾಗಿರಬಹುದು. ನೆನಪಾದ ಕೂಡಲೇ ಒಂದು ಮಾತ್ರೆ ತೆಗೆದುಕೊಂಡು, ಮುಂದೆ ದಿನಕ್ಕೊಂದರಂತೆ ನಡೆಸಿ. ಪಿಟ್ಯುಟರಿ ಮತ್ತೆ ಪೂರ್ತಿ ಅಡಗಲು ಸತತ 7 ಹಾರ್ಮೋನು ಮಾತ್ರೆ ಬೇಕು, ಅಲ್ಲಿಯವರೆಗೆ ಕಾಂಡೋಮ್ ಬಳಸಿ. ಹಿಂದಿನ ಐದು ದಿನಗಳಲ್ಲಿ ರಕ್ಷಣೆಯಿಲ್ಲದೆ ಕೂಡಿದ್ದರೆ ತುರ್ತು ಗುಳಿಗೆಯ ಬಗ್ಗೆ ತಡಮಾಡದೆ ವೈದ್ಯರನ್ನು ಕೇಳಿ. ಕಬ್ಬಿಣದ ಮಾತ್ರೆ ಮರೆತರೆ ಮಾತ್ರ ಗರ್ಭದ ಭಯವಿಲ್ಲ.

ಮೊದಲ ಪೊಟ್ಟಣವನ್ನು ಮುಟ್ಟಾದ ಐದು ದಿನದೊಳಗೆ ಶುರುಮಾಡಿದರೆ ಅಂದಿನಿಂದಲೇ ರಕ್ಷಣೆ. ಅದಕ್ಕೂ ಮುಂಚೆ ಬಿ.ಪಿ. ನೋಡಿಸಿಕೊಳ್ಳಿ. ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಮೈಗ್ರೇನ್, ಹಿಂದೆ ರಕ್ತ ಹೆಪ್ಪುಗಟ್ಟಿದ್ದು, ಎಳೆಗೂಸಿಗೆ ಹಾಲುಣಿಸುತ್ತಿರುವುದು, ಕ್ಷಯ ಅಥವಾ ಮೂರ್ಛೆರೋಗದ ಔಷಧಿ, ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಹೇಳಿ. ನಿಮಗೆ ಬೇರೆ ವಿಧಾನ ಬೇಕಾಗಬಹುದು.