ಏಳನೇ ನಂಬರಿನ ಡ್ರಿಲ್ ಏಳು ಮಿಲಿಮೀಟರ್ ಅಲ್ಲ

ಅಮೆರಿಕದಿಂದ ಬಿಡಿಭಾಗಗಳ ಆರ್ಡರ್ ಬಂದರೆ, ಜೊತೆಗೆ ಬರುವ ಡ್ರಾಯಿಂಗ್ ಸಾಮಾನ್ಯವಾಗಿ ಇಂಚಿನಲ್ಲೇ ಇರುತ್ತದೆ. ತೂತಿನ ಪಕ್ಕದಲ್ಲಿ ಒಂದು ಬಾಣದ ಗುರುತು, ಅದರ ತುದಿಯಲ್ಲಿ ಹೀಗೊಂದು ಸೂಚನೆ: 7ನೇ ನಂಬರಿನ ಡ್ರಿಲ್ ಹಾಕಿ, 1/4-20 ಟ್ಯಾಪ್ ಹೊಡೆಯಿರಿ. ಪೀಣ್ಯದ ವರ್ಕ್‌ಶಾಪಿನ ಡ್ರಿಲ್ ಪೆಟ್ಟಿಗೆಯಲ್ಲಿ ಇರುವುದೆಲ್ಲ ಮಿಲಿಮೀಟರ್ ಬಿಟ್‌ಗಳು. ಹೊಸಬನೊಬ್ಬ 7 ಎಂಬ ಅಂಕಿ ನೋಡಿ 7 ಮಿ.ಮೀ. ಬಿಟ್ ಎತ್ತಿಕೊಂಡರೆ ಆ ಭಾಗ ನೇರವಾಗಿ ಗುಜರಿಗೆ ಹೋಗುತ್ತದೆ. ಕಾಲು ಇಂಚಿನ ಬೋಲ್ಟ್‌ನ ಹೊರವ್ಯಾಸವೇ 6.35 ಮಿ.ಮೀ. ತೂತು ಅದಕ್ಕಿಂತ ದೊಡ್ಡದಾದರೆ ಥ್ರೆಡ್ ಕೊರೆಯಲು ಅಲ್ಲಿ ಲೋಹವೇ ಉಳಿದಿರುವುದಿಲ್ಲ. 7ನೇ ನಂಬರಿನ ಡ್ರಿಲ್ಲಿನ ನಿಜವಾದ ಅಳತೆ 0.201 ಇಂಚು, ಅಂದರೆ ಸುಮಾರು 5.1 ಮಿ.ಮೀ.

ಇಂಚಿನ ಡ್ರಿಲ್‌ಗಳಲ್ಲಿ ಮೂರು ಬಗೆ. ಮೊದಲನೆಯದು ಭಿನ್ನರಾಶಿಯವು: 1/8, 3/16, 13/64 ಹೀಗೆ. ಇವು ಒಂದು ಇಂಚಿನ 64ನೇ ಒಂದು ಭಾಗದಷ್ಟು, ಅಂದರೆ ಸುಮಾರು 0.4 ಮಿ.ಮೀ. ಅಂತರದಲ್ಲಿ ಬೆಳೆಯುತ್ತವೆ. ಟ್ಯಾಪ್ ಹೊಡೆಯುವ ತೂತಿಗೆ ಇಷ್ಟು ಅಂತರ ತೀರಾ ಹೆಚ್ಚು. ಆ ಸಂದುಗಳನ್ನು ತುಂಬುವುದು ಎರಡನೆಯ ಬಗೆ, ನಂಬರಿನವು. 3/16 ಮತ್ತು 13/64ರ ನಡುವೆಯೇ 12ರಿಂದ 7ರವರೆಗಿನ ಆರು ನಂಬರುಗಳು ಕೂತಿವೆ. ನಂಬರಿನ ಸಾಲು ಮುಗಿದಲ್ಲಿ ಮೂರನೆಯ ಬಗೆ, ಅಕ್ಷರದವು, ಶುರುವಾಗುತ್ತವೆ.

ನಂಬರಿನ ಸಾಲು ತಲೆಕೆಳಗು. ಸಾಮಾನ್ಯ ಸೆಟ್‌ನಲ್ಲಿ 80 ಎಲ್ಲಕ್ಕಿಂತ ಸಣ್ಣದು, 0.0135 ಇಂಚು, 1 ಎಲ್ಲಕ್ಕಿಂತ ದೊಡ್ಡದು, 0.228 ಇಂಚು. ಇದು ತಂತಿಯ ಗೇಜಿನಿಂದ ಬಂದ ಪದ್ಧತಿ. ಅಲ್ಲಿ ನಂಬರು ಏರಿದಷ್ಟೂ ತಂತಿ ತೆಳುವಾಗುತ್ತದೆ. ಅಕ್ಷರಗಳು ಮಾತ್ರ ನೇರ ಕ್ರಮದಲ್ಲಿವೆ: ‘ಎ’ 0.234 ಇಂಚು, ‘ಝಡ್’ 0.413 ಇಂಚು.

ನಂಬರು ಕೊಟ್ಟರೆ ಇಂಚು ಹೇಳುವ ಸೂತ್ರವೊಂದು ಇದ್ದಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅಂಥದ್ದು ಇಲ್ಲ. 1ರಿಂದ 2ಕ್ಕೆ ಇಳಿದಾಗ ವ್ಯಾಸ 0.007 ಇಂಚು ಕಡಿಮೆಯಾಗುತ್ತದೆ, 2ರಿಂದ 3ಕ್ಕೆ 0.008, 3ರಿಂದ 4ಕ್ಕೆ ಬರೀ 0.004. ಹೀಗಾಗಿ ನಂಬರಿನಿಂದ ಇಂಚಿಗೆ ಹೋಗುವ ಮೊದಲ ಹೆಜ್ಜೆಗೆ ಕೋಷ್ಟಕ ಬೇಕೇ ಬೇಕು. ಇಂಚಿನಿಂದ ಮಿಲಿಮೀಟರಿಗೆ ಬರುವ ಎರಡನೆಯ ಹೆಜ್ಜೆಗೆ ಗುಣಾಕಾರ ಸಾಕು. ಒಂದು ಇಂಚು ಎಂದರೆ ಕರಾರುವಾಕ್ಕಾಗಿ 25.4 ಮಿ.ಮೀ.

0.201 × 25.4 = 5.1054

ಕ್ಯಾಲ್ಕುಲೇಟರ್ ಇಲ್ಲದಿದ್ದರೂ ತೊಂದರೆಯಿಲ್ಲ. 0.2 ಇಂಚು 5.08 ಮಿ.ಮೀ.; ಇಂಚಿನ ಸಾವಿರದ ಒಂದು ಭಾಗ 0.0254 ಮಿ.ಮೀ. ಎರಡನ್ನೂ ಕೂಡಿದರೆ 5.105. ಪೆಟ್ಟಿಗೆಯಲ್ಲಿ 5.1ರ ಬಿಟ್ ಇದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಮಿಲಿಮೀಟರಿನ ಸಾವಿರದ ಐದು ಭಾಗದಷ್ಟು ವ್ಯತ್ಯಾಸ ನಮ್ಮ ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಯಾವ ಡ್ರಿಲ್ಲೂ ಅಷ್ಟು ನಿಖರವಾಗಿ ಕೊರೆಯುವುದಿಲ್ಲ.

ಕಷ್ಟ ಬರುವುದು 5.1ರ ಬಿಟ್ ಇಲ್ಲದಿದ್ದಾಗ. 5.0 ತೆಗೆದುಕೊಳ್ಳಬೇಕೇ, 5.2 ತೆಗೆದುಕೊಳ್ಳಬೇಕೇ? ಲೆಕ್ಕದ ಪ್ರಕಾರ 5.2 ಹತ್ತಿರ: ಅದಕ್ಕೆ 0.095 ಅಂತರ, 5.0ಕ್ಕೆ 0.105. ಆದರೆ ತೀರ್ಮಾನವನ್ನು ಈ ಕಳೆಯುವ ಲೆಕ್ಕಕ್ಕೆ ಬಿಡಲಾಗದು. ಥ್ರೆಡ್ ಎಷ್ಟು ಆಳಕ್ಕೆ ಕೂರುತ್ತದೆ ಎಂಬುದನ್ನು ನೋಡಬೇಕು. ಬೋಲ್ಟ್‌ನ ಹೊರವ್ಯಾಸದಿಂದ ತೂತಿನ ವ್ಯಾಸ ಕಳೆದು, ಬಂದದ್ದನ್ನು ಪಿಚ್‌ನ 1.299 ಪಟ್ಟಿನಿಂದ ಭಾಗಿಸಿದರೆ ಥ್ರೆಡ್‌ನ ಶೇಕಡಾವಾರು ಪ್ರಮಾಣ ಸಿಗುತ್ತದೆ. ನಮ್ಮ ಬೋಲ್ಟ್‌ಗೆ ಇಂಚಿಗೆ 20 ಸುತ್ತು, ಅಂದರೆ ಪಿಚ್ 1.27 ಮಿ.ಮೀ. 7ನೇ ನಂಬರಿನ ತೂತಿನಲ್ಲಿ ಸುಮಾರು 75 ಶೇಕಡಾ, 5.0ರಲ್ಲಿ 82, 5.2ರಲ್ಲಿ 70. ಪ್ರಮಾಣ ಏರಿದಷ್ಟೂ ಟ್ಯಾಪ್ ತಿರುಗಿಸಲು ಬೇಕಾಗುವ ಬಲ ಬೇಗ ಏರುತ್ತದೆ, ಹಿಡಿತ ಮಾತ್ರ ಆ ಮಟ್ಟಿಗೆ ಹೆಚ್ಚುವುದಿಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ಡ್ರಿಲ್ ಬಿಟ್ ತನ್ನ ಅಳತೆಗಿಂತ ತುಸು ದೊಡ್ಡ ತೂತನ್ನೇ ಕೊರೆಯುತ್ತದೆ. ತುದಿಯ ಎರಡು ಅಂಚುಗಳನ್ನು ಸಮನಾಗಿ ಸಾಣೆ ಹಿಡಿಯದಿದ್ದರೆ ತೂತು ಇನ್ನೂ ಅಗಲವಾಗುತ್ತದೆ. 1/4-20 ಥ್ರೆಡ್‌ಗೆ ಸಾಮಾನ್ಯ ದರ್ಜೆಯಲ್ಲಿ ಒಳವ್ಯಾಸ 0.196ರಿಂದ 0.207 ಇಂಚಿನೊಳಗೆ, ಅಂದರೆ ಸುಮಾರು 4.98ರಿಂದ 5.26 ಮಿ.ಮೀ.ನೊಳಗೆ ಇರಬೇಕು. 5.2ರ ಬಿಟ್ 0.07 ಹೆಚ್ಚು ಕೊರೆದರೂ ತೂತು ಮಿತಿ ದಾಟಿಹೋಗುತ್ತದೆ. 5.0ರ ಬಿಟ್ ಅಷ್ಟೇ ಹೆಚ್ಚು ಕೊರೆದರೆ 5.07 ಆಗಿ, ಬೇಕಾದ ಅಳತೆಯ ಹತ್ತಿರಕ್ಕೇ ಬರುತ್ತದೆ. ಆದ್ದರಿಂದ ಅಲ್ಯುಮಿನಿಯಂ, ಮೈಲ್ಡ್ ಸ್ಟೀಲ್‌ನಂಥ ಲೋಹಗಳಿಗೆ 5.0 ಹಾಕುವುದೇ ಜಾಣತನ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಬಿಗಿ ತೂತಿನಲ್ಲಿ ಟ್ಯಾಪ್ ಮುರಿಯುವ ಭಯವಿದೆ. ಅಲ್ಲಿ ಚೆನ್ನಾಗಿ ಸಾಣೆ ಹಿಡಿದ 5.2ರ ಬಿಟ್‌ನಿಂದ ಅದೇ ಲೋಹದ ತುಂಡಿನ ಮೇಲೆ ಮೊದಲು ಕೊರೆದು, ತೂತನ್ನು ಅಳೆದು ನೋಡಿ ಮುಂದುವರಿಯಬೇಕು.

ತೂತಿನ ಕೆಲಸ ಬದಲಾದರೆ ನಿಯಮವೂ ಬದಲಾಗುತ್ತದೆ. ಬೋಲ್ಟ್ ಸುಮ್ಮನೆ ತೂರಿಹೋಗಬೇಕಾದ ತೂತಿಗೆ ಅನುಮಾನವಿದ್ದರೆ ದೊಡ್ಡದರ ಕಡೆಗೆ ವಾಲಬೇಕು. 10ನೇ ನಂಬರಿನ ಸ್ಕ್ರೂಗೆ 9ನೇ ನಂಬರಿನ ಡ್ರಿಲ್ ಎಂದಿದ್ದರೆ ಅದು 4.98 ಮಿ.ಮೀ.; 5.0 ಹಾಕಿದರೆ ಸರಿಯಾಗುತ್ತದೆ, 4.9 ಹಾಕಿದರೆ ಸಡಿಲ ಕಡಿಮೆಯಾಗಿ, ಎರಡು ಭಾಗಗಳ ತೂತು ಕೊಂಚ ಆಚೀಚೆಯಾದರೂ ಸ್ಕ್ರೂ ಸಿಕ್ಕಿಬೀಳುತ್ತದೆ. ರೀಮರ್ ಹಾಕಲಿರುವ ತೂತಿಗೆ ಇದರ ತದ್ವಿರುದ್ಧ: ರೀಮರ್‌ಗೆ ಕೆರೆಯಲು ಲೋಹ ಉಳಿಯಬೇಕಾದ್ದರಿಂದ ಸಣ್ಣ ಬಿಟ್ ಹಾಕಬೇಕು.

ಇಲ್ಲಿ ಸ್ಕ್ರೂವಿನ ನಂಬರೇ ಬೇರೆ, ಡ್ರಿಲ್ಲಿನ ನಂಬರೇ ಬೇರೆ ಎಂಬುದನ್ನು ನೆನಪಿಡಬೇಕು. ಸ್ಕ್ರೂ ನಂಬರು ಏರಿದರೆ ವ್ಯಾಸವೂ ಏರುತ್ತದೆ, ಅದಕ್ಕೊಂದು ಸೂತ್ರವೂ ಇದೆ: ನಂಬರನ್ನು 0.013ರಿಂದ ಗುಣಿಸಿ 0.060 ಕೂಡಿದರೆ ಇಂಚು ಸಿಗುತ್ತದೆ. 8ನೇ ನಂಬರಿನ ಸ್ಕ್ರೂ 0.164 ಇಂಚು. 8ನೇ ನಂಬರಿನ ಡ್ರಿಲ್ 0.199 ಇಂಚು. 8-32 ಟ್ಯಾಪ್‌ಗೆ 8ನೇ ನಂಬರಿನ ಡ್ರಿಲ್ ಹಾಕಿದರೆ ಸ್ಕ್ರೂ ಹಿಡಿತವಿಲ್ಲದೆ ಒಳಗೆ ಜಾರುತ್ತದೆ. ಅದಕ್ಕೆ ಬೇಕಾದದ್ದು 29ನೇ ನಂಬರು, 0.136 ಇಂಚು.

ಬಿಟ್‌ನ ಮೇಲಿನ ಅಂಕಿ ಸವೆದು ಹೋಗಿದ್ದರೆ ಅಳೆದೇ ತಿಳಿಯಬೇಕು. ಮೈಕ್ರೋಮೀಟರನ್ನು ಬಿಟ್‌ನ ಹಿಡಿ ಭಾಗಕ್ಕಲ್ಲ, ಕೊರೆಯುವ ತುದಿಯ ಬಳಿ ಎರಡೂ ಸುರುಳಿಗಳ ಉಬ್ಬಿದ ಅಂಚಿಗೆ ಅಡ್ಡಲಾಗಿ ಹಿಡಿಯಬೇಕು. ಬಿಟ್ ತುದಿಯಿಂದ ಹಿಂದಕ್ಕೆ ಬಹಳ ನಸುವಾಗಿ ಸಣ್ಣದಾಗುತ್ತಾ ಹೋಗುತ್ತದೆ. ಹಿಡಿಯ ಅಳತೆ ನಂಬಿದರೆ ಒಂದು ನಂಬರು ತಪ್ಪಬಹುದು. ಮೈಕ್ರೋಮೀಟರ್ 5.1 ತೋರಿಸಿದರೆ ಅದು 7ನೇ ನಂಬರಿನದೋ ಮಿಲಿಮೀಟರಿನದೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. 1/4-20 ಟ್ಯಾಪ್‌ಗೆ ಎರಡೂ ಒಂದೇ.