ಪಥ್ಯ ಹೇಳುವವರ ನೋಂದಣಿ

ಭಾರತದಲ್ಲಿ ಡಯಟೀಷಿಯನ್ ಆಗುವ ದಾರಿ ಸಾಮಾನ್ಯವಾಗಿ ಗೃಹವಿಜ್ಞಾನ ಅಥವಾ ಆಹಾರ ಮತ್ತು ಪೋಷಣೆ ವಿಷಯದ ಬಿ.ಎಸ್ಸಿ.ಯಿಂದ ಶುರುವಾಗುತ್ತದೆ. ಆಮೇಲೆ ಎಂ.ಎಸ್ಸಿ. ಅಥವಾ ಡಯಟೆಟಿಕ್ಸ್‌ನಲ್ಲಿ ಸ್ನಾತಕೋತ್ತರ ಡಿಪ್ಲೊಮಾ, ಅದರ ಜೊತೆಗೆ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇಂಟರ್ನ್‌ಶಿಪ್. ವಾರ್ಡಿನಲ್ಲಿ ರೋಗಿಯ ರಕ್ತಪರೀಕ್ಷೆಯ ವರದಿ ಓದುವುದು, ಔಷಧಿಗೂ ಊಟಕ್ಕೂ ಇರುವ ಸಂಬಂಧ ತಿಳಿಯುವುದು, ಕೊಟ್ಟ ಪಥ್ಯದಿಂದ ಏನಾಯಿತೆಂದು ಮರುದಿನ ನೋಡುವುದು, ಇವೆಲ್ಲ ಹಿರಿಯರ ಕಣ್ಣೆದುರಿನಲ್ಲಿ ನಡೆಯುತ್ತವೆ.

ಇಷ್ಟು ಓದಿದವರು ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ಹೆಸರಿನಲ್ಲಿ ನಡೆಯುವ ಪರೀಕ್ಷೆ ಬರೆದು 'ರಿಜಿಸ್ಟರ್ಡ್ ಡಯಟೀಷಿಯನ್', ಅಂದರೆ ಆರ್.ಡಿ., ಆಗಬಹುದು. ಇದಕ್ಕೆ ವೃತ್ತಿಯವರಲ್ಲಿ ಒಳ್ಳೆಯ ಮರ್ಯಾದೆಯಿದೆ. ಆದರೆ ಇದು ವೃತ್ತಿಸಂಘ ಕೊಡುವ ಮಾನ್ಯತೆ, ಸರ್ಕಾರದ ನೋಂದಣಿಯಲ್ಲ. ಕಾನೂನಿನ ನೋಂದಣಿಗೆ ಬುನಾದಿ ಹಾಕಿದ್ದು 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ. ಅದರ ಅನುಸೂಚಿಯಲ್ಲಿ ಡಯಟೀಷಿಯನ್, ನ್ಯೂಟ್ರಿಷನಿಸ್ಟ್ ಇಬ್ಬರೂ ಸೇರಿದ್ದಾರೆ. ಕಾಯ್ದೆಯ ಪ್ರಕಾರ ಆರೋಗ್ಯ ವೃತ್ತಿಪರರೆನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ ಪದವಿ ಶಿಕ್ಷಣ ಬೇಕು. ಸಹಾಯಕ ವೃತ್ತಿಪರರಿಗೂ 2,000 ಗಂಟೆಗಳಿಗೆ ಕಡಿಮೆಯಿಲ್ಲ. ನೋಂದಣಿ ಇಲ್ಲದೆಯೇ ಇದೆಯೆಂದು ಹೇಳಿಕೊಂಡರೆ ಮೊದಲ ಸಲ 50,000 ರೂಪಾಯಿವರೆಗೆ ದಂಡ ವಿಧಿಸಬಹುದು.

ನೋಂದಣಿಯ ನಿಜವಾದ ಅರ್ಥ ಹೊಣೆಗಾರಿಕೆ. ಪಟ್ಟಿಯಲ್ಲಿ ಹೆಸರಿದ್ದವರ ಮೇಲೆ ದೂರು ಕೊಡಲು ಒಂದು ಜಾಗವಿರುತ್ತದೆ, ತಪ್ಪು ರುಜುವಾತಾದರೆ ಪಟ್ಟಿಯಿಂದ ಹೆಸರು ತೆಗೆಯಬಹುದು. ಕೋರ್ಸಿನ ಪ್ರಮಾಣಪತ್ರಕ್ಕೆ ಈ ಗುಣವಿಲ್ಲ. ಕೋರ್ಸ್ ಮುಗಿಸಿದ್ದಾರೆ ಎಂಬುದಷ್ಟೇ ಅದು ಹೇಳುವ ಮಾತು. ರಾಜ್ಯ ಪರಿಷತ್ತುಗಳ ಕೆಲಸ ಎಲ್ಲೆಡೆ ಒಂದೇ ವೇಗದಲ್ಲಿ ಸಾಗಿಲ್ಲವಾದ್ದರಿಂದ, ಪಟ್ಟಿಯಲ್ಲಿ ಹೆಸರು ಕಾಣದ ಮಾತ್ರಕ್ಕೆ ಒಬ್ಬರನ್ನು ನಕಲಿಯೆನ್ನುವುದು ಅನ್ಯಾಯ. ಆಗ ಪದವಿ ಮತ್ತು ಇಂಟರ್ನ್‌ಶಿಪ್ಪನ್ನೇ ನೋಡಬೇಕಾಗುತ್ತದೆ.

ಕೆಲವೇ ವಾರಗಳಲ್ಲಿ, ಕೆಲವೊಮ್ಮೆ ಒಂದೆರಡು ದಿನಗಳಲ್ಲೇ ಮುಗಿಯುವ ಆನ್‌ಲೈನ್ ಕೋರ್ಸುಗಳು ಕ್ಯಾಲೊರಿ, ಪ್ರೋಟೀನ್, ನಾರಿನಂಶದ ಪಾಠವನ್ನು ಚೆನ್ನಾಗಿಯೇ ಹೇಳಬಹುದು. ಆರೋಗ್ಯವಂತರು ತಮ್ಮ ಊಟ ತಿದ್ದಿಕೊಳ್ಳಲು, ಅಡುಗೆ ಮಾಡುವವರು ತಿಳಿವಳಿಕೆ ಹೆಚ್ಚಿಸಿಕೊಳ್ಳಲು ಅಷ್ಟು ಸಾಕು. ಕಾಯಿಲೆ ಇರುವವರಿಗೆ ಸಲಹೆ ಕೊಡಲು ಹೊರಟಾಗ ಕೊರತೆ ಬಯಲಾಗುತ್ತದೆ.

ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೊರಗಿರುವ, 60 ಕಿಲೊ ತೂಕದ ಒಬ್ಬರಿದ್ದಾರೆಂದು ಇಟ್ಟುಕೊಳ್ಳೋಣ. ಸಾಮಾನ್ಯ ಪಾಠದ ಪ್ರಕಾರ ಅವರಿಗೆ ಎಳನೀರು, ಸೊಪ್ಪು, ಬಾಳೆಹಣ್ಣು, ಪ್ರೋಟೀನ್ ಪುಡಿ, ಬಿ.ಪಿ.ಗೆಂದು ಕಡಿಮೆ ಸೋಡಿಯಂ ಉಪ್ಪು, ಎಲ್ಲವೂ ಒಳ್ಳೆಯದೇ. ಆದರೆ ದುರ್ಬಲ ಮೂತ್ರಪಿಂಡ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕಲಾರದು. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳೂ ಅದನ್ನು ರಕ್ತದಲ್ಲಿ ಏರಿಸುತ್ತವೆ. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸಾಮಾನ್ಯವಾಗಿ ಸೋಡಿಯಂ ಜಾಗಕ್ಕೆ ಬಂದಿರುವುದು ಪೊಟ್ಯಾಸಿಯಮ್ಮೇ. ಎಲ್ಲ ಕೂಡಿದರೆ ಹೃದಯದ ಬಡಿತವೇ ತಪ್ಪುವ ಅಪಾಯವಿದೆ, ಅದೂ ಮುನ್ಸೂಚನೆಯಿಲ್ಲದೆ. ತರಬೇತಾದ ಡಯಟೀಷಿಯನ್ ಮೊದಲು ಕೇಳುವುದು ಪೊಟ್ಯಾಸಿಯಂ, ಕ್ರಿಯಾಟಿನಿನ್ ವರದಿ ಮತ್ತು ಮಾತ್ರೆಗಳ ಚೀಟಿ. ಪೊಟ್ಯಾಸಿಯಂ ಏರಿದ್ದರೆ ಎಳನೀರು ನಿಲ್ಲುತ್ತದೆ. ಸೊಪ್ಪು ತರಕಾರಿಯನ್ನು ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಲು ಹೇಳುತ್ತಾರೆ. ಪ್ರೋಟೀನ್ ದಿನಕ್ಕೆ ಸುಮಾರು 36ರಿಂದ 48 ಗ್ರಾಮಿನೊಳಗೆ ಬರಬಹುದು. ಅದೇ ವ್ಯಕ್ತಿಗೆ ಡಯಾಲಿಸಿಸ್ ಶುರುವಾದರೆ ಲೆಕ್ಕ ತಿರುಗಿ 60 ಗ್ರಾಮ್ ದಾಟುತ್ತದೆ. ಒಬ್ಬರೇ ರೋಗಿಗೆ ಪಥ್ಯ ಹೀಗೆ ಬದಲಾಗುವುದನ್ನು ವಾರ್ಡಿನಲ್ಲಿ ನಿಂತು ಕಲಿತವರು ಬಲ್ಲರು.

ಆರೋಗ್ಯ ವೃತ್ತಿಗಳ ಶಿಕ್ಷಣ ದೂರದಿಂದ ಆಗುವಂಥದ್ದಲ್ಲ ಎಂಬ ನಿಲುವನ್ನು ಯುಜಿಸಿಯೂ ತಳೆದಿದೆ. 2025ರ ಜುಲೈ-ಆಗಸ್ಟ್ ಅವಧಿಯಿಂದ ಆಹಾರ ಮತ್ತು ಪೋಷಣೆ ವಿಜ್ಞಾನ, ಕ್ಲಿನಿಕಲ್ ನ್ಯೂಟ್ರಿಷನ್ ಮತ್ತು ಡಯಟೆಟಿಕ್ಸ್ ಪದವಿಗಳನ್ನು ದೂರಶಿಕ್ಷಣ ಹಾಗೂ ಆನ್‌ಲೈನ್ ವಿಧಾನದಲ್ಲಿ ನಡೆಸದಂತೆ ಅದು ತಡೆಯಿತು.

ಸಲಹೆಗಾರರ ಗೋಡೆಯ ಮೇಲಿನ ಕಾಗದಗಳನ್ನು ಓದುವಾಗ ಗೊಂದಲ ಸಹಜ. ಐಎಸ್ಒ ಮುದ್ರೆ ಸಂಸ್ಥೆಯ ಆಡಳಿತ ಕ್ರಮಕ್ಕೆ ಸಂಬಂಧಿಸಿದ್ದು. ಎಫ್ಎಸ್ಎಸ್ಎಐ ಸಂಖ್ಯೆ ಆಹಾರ ಮಾರುವ ವ್ಯವಹಾರದ್ದು. 'ಸರ್ಕಾರದಲ್ಲಿ ನೋಂದಾಯಿತ' ಎಂಬ ಮಾತು ಎಷ್ಟೋ ಸಲ ಕಂಪನಿಯ ನೋಂದಣಿಯಷ್ಟೇ. ಇವ್ಯಾವುವೂ ಪಥ್ಯ ಹೇಳುವ ಅರ್ಹತೆಗೆ ಸಾಕ್ಷಿಯಲ್ಲ. ಪದವಿ ಯಾವ ವಿಶ್ವವಿದ್ಯಾಲಯದ್ದು, ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಆರ್.ಡಿ. ಅಥವಾ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಿದರೆ ಓದಿದವರು ಬೇಸರವಿಲ್ಲದೆ ಹೇಳುತ್ತಾರೆ. ವರದಿ ನೋಡದೆ ಪಥ್ಯದ ಪಟ್ಟಿ ಕಳಿಸುವವರು, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಲು ಹೇಳುವವರು, ತಾವೇ ಮಾರುವ ಪುಡಿಯನ್ನೇ ಬರೆದುಕೊಡುವವರು ಎದುರಾದರೆ, ಕೈಯಲ್ಲಿ ಯಾವ ಪ್ರಮಾಣಪತ್ರವಿದ್ದರೂ ಅವರ ಪಥ್ಯ ಹಿಡಿಯುವ ಮುನ್ನ ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನು ಕೇಳಬೇಕು.