ಡಾಲರ್ ಬಂದ ಮಾತ್ರಕ್ಕೆ ತೆರಿಗೆ ಮಾಫಿಯಲ್ಲ

ಯೂಟ್ಯೂಬ್ ಚಾನೆಲ್‌ನವರು ನಾಲ್ಕು ಜನ ಸೇರಿದರೆ ಒಬ್ಬರಾದರೂ ಹೇಳುತ್ತಾರೆ: ‘ದುಡ್ಡು ಫಾರಿನ್‌ದು, ಎಕ್ಸ್‌ಪೋರ್ಟ್ ಲೆಕ್ಕ, ಟ್ಯಾಕ್ಸ್ ಇಲ್ಲ.’ ಉಳಿದ ಮೂವರು ತಲೆಯಾಡಿಸುತ್ತಾರೆ. ಯಾವ ಟ್ಯಾಕ್ಸ್ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ರಫ್ತಿಗೆ ಸೊನ್ನೆ ಎನ್ನುವುದು ಜಿಎಸ್‌ಟಿಯ ಮಾತು. ಆದಾಯ ತೆರಿಗೆಗೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿನ ನಿವಾಸಿಯ ಗಳಿಕೆ ಸಿಂಗಾಪುರದಿಂದ ಬರಲಿ, ಶಿರಸಿಯಿಂದ ಬರಲಿ, ರಿಟರ್ನ್‌ನಲ್ಲಿ ಕಾಣಿಸಲೇಬೇಕು.

ಹುಬ್ಬಳ್ಳಿಯ ಒಂದು ಅಡುಗೆ ಚಾನೆಲ್ ಇದೆ ಎಂದಿಟ್ಟುಕೊಳ್ಳಿ. ವರ್ಷದ ಜಾಹೀರಾತು ಪಾಲು 24 ಲಕ್ಷ ರೂಪಾಯಿ. 20 ಲಕ್ಷ ದಾಟಿದ್ದರಿಂದ ಜಿಎಸ್‌ಟಿ ನೋಂದಣಿ ಬೇಕು. ತೆರಿಗೆ ಸೊನ್ನೆಯಾದರೂ ವಹಿವಾಟಿನ ಮಿತಿಗೆ ರಫ್ತೂ ಸೇರುತ್ತದೆ. ಪ್ರತಿ ಆರ್ಥಿಕ ವರ್ಷ RFD-11 ನಮೂನೆಯಲ್ಲಿ ಎಲ್‌ಯುಟಿ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ರಫ್ತು ತೋರಿಸಬಹುದು. ಮರೆತರೆ ಶೇ 18ರಂತೆ 4.32 ಲಕ್ಷ ಮೊದಲು ಕಟ್ಟಿ, ಆಮೇಲೆ ರೀಫಂಡ್‌ಗೆ ಅಲೆಯಬೇಕು.

ಪಾಸ್‌ಬುಕ್‌ನಲ್ಲಿ ರೂಪಾಯಿ ಜಮಾ ಆದ ಸಾಲು ರಫ್ತಿಗೆ ಪುರಾವೆಯಲ್ಲ. ಕಳಿಸಿದವರ ಹೆಸರು, ಡಾಲರ್ ಮೊತ್ತ, ಪರಿವರ್ತನೆ ದರ, ಪರ್ಪಸ್ ಕೋಡ್ ಇರುವ ವಿದೇಶಿ ಹಣ ಸ್ವೀಕೃತಿ ಪತ್ರವನ್ನು, ಅಂದರೆ ಎಫ್‌ಐಆರ್‌ಎಯನ್ನು, ಬ್ಯಾಂಕಿನಿಂದ ಪಡೆಯಬೇಕು. ಪ್ರತಿ ಪಾವತಿಗೂ ಆಗಾಗಲೇ ಪಡೆದಿಟ್ಟುಕೊಳ್ಳಿ. ನೋಟಿಸ್ ಬಂದ ಮೇಲೆ ಎರಡು ವರ್ಷದ ಹಿಂದಿನದನ್ನು ಬ್ಯಾಂಕಿನಲ್ಲಿ ಹುಡುಕಿಸುವುದು ಯಾರಿಗೆ ಬೇಕು?

ಇನ್ನು ಆದಾಯ ತೆರಿಗೆ. ಅಮೆರಿಕದ ವೀಕ್ಷಕರಿಂದ ಬಂದ ಭಾಗ 2 ಲಕ್ಷ ಎನ್ನೋಣ. W-8BEN ಕೊಟ್ಟು ಭಾರತ–ಅಮೆರಿಕ ಒಪ್ಪಂದದ ದರ ಪಡೆದಿದ್ದರೆ ಅದರ ಮೇಲೆ ಮಾತ್ರ ಶೇ 15, ಅಂದರೆ 30,000 ರೂಪಾಯಿ ಅಲ್ಲಿಯೇ ಕಡಿತವಾಗುತ್ತದೆ. ಕೈಗೆ ಬಂದದ್ದು 23.70 ಲಕ್ಷವಾದರೂ ರಿಟರ್ನ್‌ನಲ್ಲಿ ತೋರಿಸಬೇಕಾದದ್ದು 24 ಲಕ್ಷ. ಎಡಿಟರ್ ಸಂಬಳ, ಕ್ಯಾಮೆರಾದ ಸವಕಳಿಯಂಥ ಖರ್ಚು ಕಳೆದು ಉಳಿದ ಲಾಭಕ್ಕೆ ತೆರಿಗೆ. ಆ 30,000ಕ್ಕೆ ಕ್ರೆಡಿಟ್ ಸಿಗುತ್ತದೆ, ಆದರೆ ಪ್ರತ್ಯೇಕ ಫಾರ್ಮ್ ಸಲ್ಲಿಸಿ ಕೇಳಿದರೆ ಮಾತ್ರ; ಅದೇ ಆದಾಯಕ್ಕೆ ಇಲ್ಲಿ ಬೀಳುವ ತೆರಿಗೆಗಿಂತ ಹೆಚ್ಚಿಗೆ ಸಿಗುವುದೂ ಇಲ್ಲ.

‘ನೋಡುವವರು ಗದಗದವರು, ರಫ್ತು ಹೇಗಾಯಿತು?’ ಸೇವೆ ಪಡೆದು ಹಣ ಕೊಡುವುದು ವಿದೇಶಿ ಕಂಪನಿ, ಗದಗದವರಲ್ಲ. ‘ಹಾಗಾದರೆ ಊರಿನ ಮಸಾಲೆ ಕಂಪನಿಯ ಪ್ರಚಾರದ ದುಡ್ಡೂ ರಫ್ತೇ?’ ಅಲ್ಲ, ನೋಂದಣಿ ಇದ್ದರೆ ಅದಕ್ಕೆ ಶೇ 18 ಕಟ್ಟಲೇಬೇಕು.

ಎರಡು ಸಾವಿರದ ಮೈಕ್ ಕೊಳ್ಳಲು ಹತ್ತು ವಿಮರ್ಶೆ ನೋಡುವವರು, ಲಕ್ಷಗಟ್ಟಲೆ ತೆರಿಗೆಯ ವಿಷಯಕ್ಕೆ ಬಂದರೆ ‘ಝೀರೋ ಟ್ಯಾಕ್ಸ್’ ಎಂಬ ಥಂಬ್‌ನೇಲ್ ಒಂದನ್ನೇ ನಂಬುತ್ತಾರೆ. ಆ ವಿಡಿಯೊ ಮಾಡಿದಾತ ತನ್ನ ರಿಟರ್ನ್‌ನಲ್ಲಿ ಏನು ಬರೆದಿದ್ದಾನೆ ಎಂದು ಕಾಮೆಂಟಿನಲ್ಲಿ ಒಬ್ಬರಾದರೂ ಕೇಳಬಾರದೇ?